ಹದಿನಾಲ್ಕು ನಲವತ್ತಾಗದಂತೆ: ವೈದ್ಯರ ಮಾತನ್ನು ಅವ್ವನಿಗೆ ಕನ್ನಡದಲ್ಲಿ ದಾಟಿಸುವ ಬಗೆ

ರಾಯಚೂರಿನ ಆಸ್ಪತ್ರೆಯೊಂದರಿಂದ ಅವ್ವನನ್ನು ಮನೆಗೆ ಕಳಿಸುವ ದಿನ ವೈದ್ಯರು ನನ್ನ ಕಡೆ ತಿರುಗಿ ಎರಡು ನಿಮಿಷ ಮಾತನಾಡಿದರು. ಹೆಚ್ಚಿನದು ಇಂಗ್ಲಿಷ್, ನಡುನಡುವೆ ತೆಲುಗು. ಸಿಂಧನೂರು ಕಡೆಯವರಾದ ನಮಗೆ ತೆಲುಗು ರೈತರ ಕ್ಯಾಂಪುಗಳ ಸಹವಾಸದಿಂದ ತೆಲುಗು ಅರ್ಥವಾಗುತ್ತದೆ, ಹಾಗಾಗಿ ನಾನು ತಲೆಯಾಡಿಸುತ್ತಾ ಹೋದೆ. ಅವ್ವ ಅಷ್ಟೂ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವರು ಹೊರಟ ಮೇಲೆ "ಏನಂದರು?" ಎಂದು ಕೇಳಿದಳು. "ಮುಂಜಾನೆ ಸೂಜಿ ನಲವತ್ತು, ರಾತ್ರಿ ಎಂಟು, ಗುಳಿಗೆ ಇದ್ದೇ ಇವೆ" ಎಂದೆ.

ಪಕ್ಕದ ಹಾಸಿಗೆಯ ಬಳಿ ನಿಂತಿದ್ದ ನರ್ಸ್ ತಿರುಗಿ ನೋಡಿದರು. "ನಲವತ್ತಾ? ಚೀಟಿಯಲ್ಲಿ ಹದಿನಾಲ್ಕಿದೆ" ಎಂದರು. ವೈದ್ಯರು ಇಂಗ್ಲಿಷಿನಲ್ಲಿ ಹೇಳಿದ ಹದಿನಾಲ್ಕು ನನ್ನ ಕಿವಿಗೆ ನಲವತ್ತಾಗಿ ಬಿದ್ದಿತ್ತು. ಅವ್ವನ ಇನ್ಸುಲಿನ್ ಬಾಟಲಿಯ ಮೇಲೆ 40 ಎಂದು ಅಚ್ಚಾಗಿತ್ತು, ರಕ್ತದೊತ್ತಡದ ಗುಳಿಗೆಯ ಹೆಸರಿನ ಮುಂದೆಯೂ 40 ಇತ್ತು, ಹಾಗಾಗಿ ತಪ್ಪು ಕೇಳಿಸಿಕೊಂಡದ್ದು ನನಗೆ ತಪ್ಪೆನಿಸಲೇ ಇಲ್ಲ. ಅವ್ವನಿಗೆ ಕೊಟ್ಟಿದ್ದ ಸಿರಿಂಜ್ ಪೂರ್ತಿ ತುಂಬಿದರೆ ಸರಿಯಾಗಿ ನಲವತ್ತು ಯೂನಿಟ್. ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳು ಮುಂಜಾನೆ ಸಿರಿಂಜನ್ನು ತುದಿಯವರೆಗೆ ತುಂಬಿ ಚುಚ್ಚಿಕೊಂಡಿದ್ದರೆ ಮಧ್ಯಾಹ್ನದೊಳಗೆ ಸಕ್ಕರೆ ಕುಸಿದು ಎಚ್ಚರ ತಪ್ಪುತ್ತಿದ್ದಳು.

ಆ ದಿನದಿಂದ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವ್ವನ ಚೀಟಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿದ್ದದ್ದು ಮೂರು: 30/70 ಮಿಶ್ರ ಇನ್ಸುಲಿನ್, ಮುಂಜಾನೆ 14 ಮತ್ತು ರಾತ್ರಿ 8 ಯೂನಿಟ್, ಎರಡೂ ಊಟಕ್ಕೆ ಅರ್ಧ ಗಂಟೆ ಮುಂಚೆ; ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ 500, ಎರಡು ಹೊತ್ತು ಊಟದ ನಂತರ; ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ 40 ಜೊತೆಗೆ ಕ್ಲೋರ್ಥಾಲಿಡೋನ್ 12.5 ಸೇರಿದ ಒಂದು ಗುಳಿಗೆ, ಮುಂಜಾನೆ. ಈ ಅಂಕಿಗಳು ಅವ್ವನವು. ನಿಮ್ಮ ಮನೆಯ ಅಂಕಿಗಳು ನಿಮ್ಮ ಚೀಟಿಯಲ್ಲಿವೆ, ಅವನ್ನೇ ನೋಡಬೇಕು.

ಹೊರಡುವ ಮುಂಚೆ

ಈಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ಹೆಸರು ಬರೆದುಕೊಂಡು ಹೋದರೆ ಸಾಲದು. ಹೆಸರಿನ ಮುಂದಿನ ಸಂಖ್ಯೆ ಬಿಟ್ಟುಹೋಗುವುದು ಅಲ್ಲಿಯೇ. ಇನ್ನೊಂದು ಸಣ್ಣ ಕೆಲಸವಿದೆ: ಅಪ್ಪ ಅಥವಾ ಅವ್ವ ನಿಜವಾಗಿ ಎಷ್ಟು ಹೊತ್ತಿಗೆ ಏನು ತಿನ್ನುತ್ತಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಮ್ಮ ಅವ್ವ ಆರಕ್ಕೆ ಚಹಾ ಕುಡಿಯುತ್ತಾಳೆ, ಹತ್ತರ ಹೊತ್ತಿಗೆ ಜೋಳದ ರೊಟ್ಟಿ, ಪಲ್ಯ ತಿನ್ನುತ್ತಾಳೆ. ನಾಷ್ಟಾ ಎಂಬುದು ಅವಳ ದಿನದಲ್ಲಿ ಇಲ್ಲವೇ ಇಲ್ಲ. ವೈದ್ಯರು "ನಾಷ್ಟಾಕ್ಕೆ ಅರ್ಧ ಗಂಟೆ ಮುಂಚೆ" ಎಂದರೆ ಅವಳು ಚಹಾಕ್ಕೆ ಮುಂಚೆ ಐದೂವರೆಗೆ ಸೂಜಿ ಚುಚ್ಚಿಕೊಂಡು ಹತ್ತರವರೆಗೆ ಬರಿಹೊಟ್ಟೆಯಲ್ಲಿ ಕೂರುವ ಅಪಾಯವಿದೆ. ಯೂನಿಟ್ ಸರಿಯಾಗಿದ್ದೂ ಹೊತ್ತು ತಪ್ಪಿದರೆ ಆಗುವ ಕೆಡುಕು ಅದೇ. ಸೋಮವಾರ, ಏಕಾದಶಿ ಎಂದು ಉಪವಾಸ ಮಾಡುವವರಾದರೆ ಅದನ್ನೂ ಆ ಚೀಟಿಯಲ್ಲಿ ಬರೆಯಿರಿ. ಹಿರಿಯರು ಇದನ್ನು ವೈದ್ಯರ ಮುಂದೆ ತಾವಾಗಿ ಹೇಳುವುದಿಲ್ಲ, ಬೈಸಿಕೊಳ್ಳಬೇಕಾದೀತು ಎಂಬ ಅಂಜಿಕೆ.

ವೈದ್ಯರ ಮುಂದೆ: ಒಂದು ಔಷಧ, ಒಂದು ನಿಲುಗಡೆ

ನಾನು ಮಾಡಿದ ಮೊದಲ ತಪ್ಪು ಎರಡು ನಿಮಿಷದ ಮಾತನ್ನು ಪೂರ್ತಿ ಕೇಳಿ ಆಮೇಲೆ ಹೇಳಲು ಹೊರಟದ್ದು. ಕಥೆಯನ್ನು ಹಾಗೆ ನೆನಪಿಟ್ಟುಕೊಳ್ಳಬಹುದು, ಅಂಕಿಗಳನ್ನು ಆಗುವುದಿಲ್ಲ. ಆದ್ದರಿಂದ ಮೊದಲೇ ಕೇಳಿಕೊಳ್ಳಿ: "ಸರ್, ಒಂದೊಂದು ಔಷಧ ಮುಗಿದ ಮೇಲೆ ಸ್ವಲ್ಪ ನಿಲ್ಲಿಸಿ, ಅವ್ವನಿಗೆ ಹೇಳಿ ಮುಂದಕ್ಕೆ ಹೋಗೋಣ." ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಹೀಗೆ ಕೇಳಿದ್ದಕ್ಕೆ ಇದುವರೆಗೆ ಯಾವ ವೈದ್ಯರೂ ನನ್ನ ಮೇಲೆ ಸಿಡುಕಿಲ್ಲ.

ಅವರು ನಿಲ್ಲಿಸಿದ ಕೂಡಲೇ ಅಂಕಿಯನ್ನು ಬರೆದುಕೊಳ್ಳಿ, ಬರೆದದ್ದನ್ನು ಅವರು ಆಡಿದ ಭಾಷೆಯಲ್ಲಿಯೇ ತಿರುಗಿ ಓದಿ. ಕನ್ನಡಕ್ಕೆ ತರುವುದು ಆಮೇಲಿನ ಕೆಲಸ. ತಿರುಗಿ ಓದುವಾಗ ಸಂಖ್ಯೆಯನ್ನು ಒಮ್ಮೆ ಪೂರ್ತಿಯಾಗಿ, ಒಮ್ಮೆ ಬಿಡಿಬಿಡಿಯಾಗಿ ಹೇಳಬೇಕು: "ಹದಿನಾಲ್ಕು, ಒಂದು ನಾಲ್ಕು." ಇಂಗ್ಲಿಷಿನಲ್ಲಿ ಹದಿಮೂರರಿಂದ ಹತ್ತೊಂಬತ್ತರವರೆಗಿನ ಪ್ರತಿಯೊಂದು ಸಂಖ್ಯೆಗೂ ಮೂವತ್ತರಿಂದ ತೊಂಬತ್ತರ ಹತ್ತುಗಳಲ್ಲಿ ಒಂದೊಂದು ಅವಳಿ ಇದೆ. ಹದಿನೈದು ಐವತ್ತಾಗಿ, ಹದಿನಾರು ಅರವತ್ತಾಗಿ ಕೇಳಿಸುವುದು ಫ್ಯಾನಿನ ಸದ್ದಿನಲ್ಲಿ ತೀರಾ ಸಹಜ. ಬಿಡಿ ಅಂಕಿ ಹೇಳಿದರೆ ಈ ಅವಳಿಗಳು ಅಲ್ಲಿಯೇ ಬೇರೆಯಾಗುತ್ತವೆ.

ನಮ್ಮ ಭಾಗದಲ್ಲಿ ವೈದ್ಯರು ಹಿಂದಿ, ಉರ್ದು ಬಳಸುವುದೂ ಉಂಟು. ಅಲ್ಲಿ ಕಿವಿ ಚುರುಕಾಗಿರಬೇಕಾದ ಜಾಗಗಳು ಬೇರೆ. ಪಚ್ಚೀಸ್ ಇಪ್ಪತ್ತೈದು, ಪಚಾಸ್ ಐವತ್ತು. ಹೃದಯದ ಮತ್ತು ಥೈರಾಯ್ಡಿನ ಹಲವು ಗುಳಿಗೆಗಳು 25 ಮತ್ತು 50 ಎರಡರಲ್ಲೂ ಬರುವುದರಿಂದ ತಪ್ಪು ಕೇಳಿಸಿಕೊಂಡರೂ ಅಂಗಡಿಯಲ್ಲಿ ಆ ಗುಳಿಗೆ ಸಿಕ್ಕೇ ಸಿಗುತ್ತದೆ. ಡೇಢ್ ಎಂದರೆ ಒಂದೂವರೆ, ಢಾಯಿ ಎಂದರೆ ಎರಡೂವರೆ. ತೆಲುಗಿನಲ್ಲಿ ಪಾವು ಎಂದರೆ ಕಾಲು ಭಾಗ, ನಮ್ಮ ಹಿರಿಯರಿಗೆ ಪಾವು ಎಂದರೆ ಅಕ್ಕಿ ಅಳೆಯುವ ಪಾತ್ರೆ. ಇಂಥ ಮಾತು ಬಂದಾಗ "ಕಾಲು ಗುಳಿಗೆ ಎಂದರೆ ನಾಲ್ಕು ತುಂಡಿನಲ್ಲಿ ಒಂದು ತುಂಡು ತಾನೆ?" ಎಂದು ಬೆರಳಲ್ಲಿ ತೋರಿಸಿ ಕೇಳಿಬಿಡಿ.

ಚೀಟಿಯ ಕೈಬರಹದಲ್ಲಿ ಒಂದು ಹಳೆಯ ಬಲೆಯಿದೆ. ಯೂನಿಟ್ ಎಂಬುದನ್ನು ಯು ಎಂಬ ಒಂದೇ ಇಂಗ್ಲಿಷ್ ಅಕ್ಷರದಲ್ಲಿ ಅಂಕಿಗೆ ಅಂಟಿಸಿ ಬರೆದರೆ ಆ ಅಕ್ಷರ ಸೊನ್ನೆಯಂತೆ ಕಾಣುತ್ತದೆ. ಎಂಟು ಯೂನಿಟ್ ಎಂಬತ್ತಾಗುವುದು ಹೀಗೆ. ಅಂಥ ಚೀಟಿ ಕೈಗೆ ಬಂದರೆ ಯೂನಿಟ್ ಎಂಬ ಪದವನ್ನು ಬಿಡಿಸಿ ಬರೆದುಕೊಡಿ ಎಂದು ಅಲ್ಲಿಯೇ ಕೇಳಿ. ಬಿಂದುವಿನ ವಿಷಯವೂ ಹಾಗೆಯೇ. 12.5ರಲ್ಲಿ ಬಿಂದು ಮಸುಕಾದರೆ ಅದು 125 ಆಗುತ್ತದೆ.

ಕೊನೆಗೆ, ಎದ್ದು ಬರುವ ಮುಂಚೆ ಉಪವಾಸದ ಪ್ರಶ್ನೆ ಕೇಳಲೇಬೇಕು: "ಊಟ ಬಿಟ್ಟ ದಿನ, ವಾಂತಿಯಾದ ದಿನ ಸೂಜಿ ಎಷ್ಟು?" ಇದಕ್ಕೆ ಉತ್ತರ ವೈದ್ಯರದೇ ಆಗಿರಬೇಕು. ಮಾತು ದಾಟಿಸುವವರು ತಮ್ಮ ಅಂದಾಜಿನಿಂದ "ಅಂದು ಅರ್ಧ ಹಾಕಿಕೋ" ಎಂದು ಸೇರಿಸಿದರೆ ಅದು ಮನೆಯಲ್ಲಿ ವೈದ್ಯರ ಮಾತೆಂದೇ ಉಳಿದುಬಿಡುತ್ತದೆ. ಹಾಗೆಯೇ ವೈದ್ಯರು ಅವ್ವನನ್ನು ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ. "ಗುಳಿಗೆ ತಪ್ಪದೆ ತಗೊಳ್ಳುತ್ತಾರಾ?" ಎಂದು ಕೇಳಿದಾಗ ನಾನು ಹೌದೆಂದಿದ್ದೆ. ಅವ್ವ ರಾತ್ರಿಯದನ್ನು ವಾರಕ್ಕೆ ಮೂರು ದಿನ ಬಿಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಬಿಟ್ಟಿದ್ದು ಗೊತ್ತಿಲ್ಲದೆ ವೈದ್ಯರು ಡೋಸ್ ಏರಿಸಿದ್ದರೆ ಆ ಅಂಕಿ ಬೇರೊಬ್ಬ ರೋಗಿಗೆ ಬರೆದಂತಾಗುತ್ತಿತ್ತು.

ಕನ್ನಡಕ್ಕೆ ತರುವಾಗ ಅಂಕಿ ಮೆತ್ತಗಾಗುವುದು

ನಮ್ಮ ಮಾತಿಗೆ ಅಂಕಿಯನ್ನು ಮೃದು ಮಾಡುವ ರೂಢಿಯಿದೆ. "ಒಂದು ಹತ್ತು ನಿಮಿಷ ಕೂಡು" ಎಂದರೆ ಹತ್ತು ನಿಮಿಷವೆಂದೇನೂ ಅಲ್ಲ, ಹತ್ತರ ಆಸುಪಾಸು. "ನಾಲ್ಕೈದು ಜನ", "ಒಂದೆರಡು ದಿನ", "ಒಂದರ್ಧ ರೊಟ್ಟಿ". ಹಿರಿಯರ ಮುಂದೆ ಈ ಮೃದುತನ ಇನ್ನೂ ಹೆಚ್ಚಾಗುತ್ತದೆ, ಏಕೆಂದರೆ ಅವ್ವನಿಗೆ ಲೆಕ್ಕ ಒಪ್ಪಿಸುವಂತೆ ಬಿಗಿಯಾಗಿ ಮಾತನಾಡುವುದು ನಮಗೆ ಮರ್ಯಾದೆ ಎನಿಸುವುದಿಲ್ಲ. ವೈದ್ಯರ ಅಂಕಿ ಕೆಡುವುದು ಬಹುಮಟ್ಟಿಗೆ ಇಲ್ಲಿ. ಕೇಳಿಸಿಕೊಂಡದ್ದು ಸರಿಯಾಗಿದ್ದರೂ ಹೇಳುವಾಗ ನಾಲಿಗೆಯೇ ಅದನ್ನು ಸಡಿಲಿಸುತ್ತದೆ.

"ಒಂದು ಅರ್ಧ ಗುಳಿಗೆ ತಗೋ ಅವ್ವಾ" ಎಂಬ ಮಾತನ್ನು ನೋಡಿ. ಹೇಳಿದವರ ಮನಸ್ಸಿನಲ್ಲಿ ಅರ್ಧ. ಕೇಳಿದವರಿಗೆ ಅದು ಒಂದು ಮತ್ತು ಅರ್ಧ, ಎಂದರೆ ಒಂದೂವರೆ ಆಗಬಹುದು. ಮೂರು ಪಟ್ಟು ವ್ಯತ್ಯಾಸ. "ಒಂದು ಎಂಟು ಯೂನಿಟ್ ಹಾಕಿಕೋ" ಎಂದರೆ ಎಂಟರ ಹತ್ತಿರ ಏನಾದರೂ ಆದೀತೆಂಬ ಭಾವ ಬರುತ್ತದೆ, ಕೈ ಏಳಕ್ಕೋ ಒಂಬತ್ತಕ್ಕೋ ನಿಂತರೂ ಮನಸ್ಸು ಒಪ್ಪುತ್ತದೆ. ಆದ್ದರಿಂದ ಔಷಧದ ಅಂಕಿಯ ಮುಂದೆ "ಒಂದು" ಎಂಬುದನ್ನು ಸುಮ್ಮನೆ ಸೇರಿಸಬೇಡಿ, "ಸುಮಾರು", "ಹತ್ತತ್ತಿರ", "ಅಷ್ಟು" ಯಾವುದೂ ಬೇಡ. ಅರ್ಧ ಎಂದರೆ "ಗುಳಿಗೆ ಮುರಿದು ಒಂದು ತುಂಡು ಮಾತ್ರ, ಇನ್ನೊಂದು ತುಂಡು ನಾಳೆಗೆ" ಎಂದು ಹೇಳಿ. ಇಷ್ಟುದ್ದ ಹೇಳಬೇಕೇ ಎನಿಸೀತು, ಆದರೆ ಈ ವಾಕ್ಯವನ್ನು ಎರಡು ರೀತಿ ಕೇಳಿಸಿಕೊಳ್ಳಲು ಬರುವುದಿಲ್ಲ.

ಕನ್ನಡದ ಅಂಕಿಗಳೊಳಗೂ ಕಿವಿ ಮಂದವಾದವರಿಗೆ ಒಂದೇ ಆಗಿ ಕೇಳುವ ಜೋಡಿಗಳಿವೆ. ಇಪ್ಪತ್ತು ಮತ್ತು ಎಪ್ಪತ್ತು ಮೊದಲ ಸ್ವರದಲ್ಲಷ್ಟೇ ಬೇರೆ. ಮೂರು, ಆರು, ನೂರು ಒಂದೇ ಪ್ರಾಸ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು ಎಂಬುದನ್ನು "ಎಪ್ಪತ್ತು" ಎಂದಷ್ಟೇ ಹೇಳಿದಾಗ ಅವ್ವ ಇಪ್ಪತ್ತು ಎಂದು ಹಿಡಿದಿದ್ದಳು. ಯಂತ್ರದಲ್ಲಿ 55 ಬಂದಿದ್ದರೂ "ಇನ್ನೂ ಇಪ್ಪತ್ತಾಗಿಲ್ಲವಲ್ಲ" ಎಂದು ಸುಮ್ಮನಿರುತ್ತಿದ್ದಳು. ಈಗ ನಾನು ಹೇಳುವುದು ಹೀಗೆ: "ಏಳು ಸೊನ್ನೆ, ಎಪ್ಪತ್ತು. ಅದಕ್ಕಿಂತ ಕಡಿಮೆ ಬಂದರೆ ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಇನ್ನೂ ಕಡಿಮೆಯೇ ಇದ್ದರೆ ಮತ್ತೆ ಮೂರು ಚಮಚ." ಮನೆಯ ಉಳಿದವರಿಗೆ ಹೇಳಬೇಕಾದದ್ದು ಬೇರೆ: ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಇನ್ನು ಹನ್ನೆರಡೂವರೆ. ಅವ್ವನ ರಕ್ತದೊತ್ತಡದ ಗುಳಿಗೆಯಲ್ಲಿ 12.5 ಎಂದಿದೆ. ನಾನು ಗುಳಿಗೆ ಕೈಗೆ ಕೊಟ್ಟು, ಲೆಕ್ಕ ಒಪ್ಪಿಸುವವರಂತೆ "ಇದು ನಲವತ್ತು, ಹನ್ನೆರಡೂವರೆ" ಎಂದೆ. ಆ ವಾರವೆಲ್ಲ ಅವ್ವ ಮುಂಜಾನೆಯ ಗುಳಿಗೆಯನ್ನು ಎತ್ತಿಟ್ಟು ಮಧ್ಯಾಹ್ನ ಹನ್ನೆರಡೂವರೆಗೆ ನುಂಗಿದಳು. ನಮ್ಮ ಕಿವಿಗೆ ಹನ್ನೆರಡೂವರೆ ಎಂದರೆ ಗಡಿಯಾರ, ಬೇರೇನೂ ಅಲ್ಲ. ಇದರಿಂದ ಕಲಿತ ಪಾಠ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಗುಳಿಗೆಯ ಬಲ, ಎಂದರೆ ಮಿಲಿಗ್ರಾಂ, ಕಾಗದದ ಮೇಲಿರಲಿ, ಅವ್ವನಿಗೆ ಹೇಳುವ ಮಾತಿನಲ್ಲಿ ಎಷ್ಟು ಗುಳಿಗೆ ಎಂಬುದು ಮಾತ್ರ ಇರಲಿ. "ಈ ಗುಳಿಗೆ ಒಂದು, ಮುಂಜಾನೆ, ರೊಟ್ಟಿ ತಿಂದ ಮೇಲೆ." ಐದುನೂರು, ನಲವತ್ತು, ಹನ್ನೆರಡೂವರೆ ಇವೆಲ್ಲ ಅಂಗಡಿಯವರಿಗೆ ಮತ್ತು ನಿಮಗೆ ಬೇಕಾದ ಅಂಕಿಗಳು. ಇನ್ಸುಲಿನ್ ಮಾತ್ರ ಇದಕ್ಕೆ ಹೊರತು, ಅಲ್ಲಿ ಯೂನಿಟ್ ಅನ್ನು ಅಳೆಯುವವಳು ಅವ್ವನೇ ಆದ್ದರಿಂದ ಆ ಸಂಖ್ಯೆ ಅವಳ ಬಾಯಲ್ಲಿ ಇರಲೇಬೇಕು.

ಹೇಳುವ ಕ್ರಮವನ್ನೂ ಒಂದೇ ತೆರನಾಗಿ ಇಟ್ಟುಕೊಳ್ಳಿ. ನಾನು ಯಾವಾಗಲೂ ಮೊದಲು ಯಾವುದು, ಆಮೇಲೆ ಎಷ್ಟು, ಆಮೇಲೆ ಯಾವಾಗ, ಕೊನೆಗೆ ಊಟಕ್ಕೆ ಮುಂಚೆಯೋ ನಂತರವೋ ಎಂದು ಹೇಳುತ್ತೇನೆ. "ಸೂಜಿ, ಹದಿನಾಲ್ಕು ಯೂನಿಟ್, ಮುಂಜಾನೆ, ರೊಟ್ಟಿಗೆ ಅರ್ಧ ಗಂಟೆ ಮುಂಚೆ." ಅವ್ವ ಕಣದಲ್ಲಿ ಹಾಡುವ ಹಂತಿ ಪದ ಕೇಳುತ್ತಾ ಬೆಳೆದವಳು, ಒಂದೇ ಧಾಟಿಯಲ್ಲಿ ಬಂದದ್ದು ಅವಳಿಗೆ ನೆನಪಿನಲ್ಲಿ ನಿಲ್ಲುತ್ತದೆ. ಧಾಟಿಯಲ್ಲಿ ಒಂದು ತುಣುಕು ಬಿಟ್ಟುಹೋದರೆ ತಾನೇ ಕೇಳುತ್ತಾಳೆ: "ಮುಂಚೆನೋ ಆಮೇಲೋ ಹೇಳಲಿಲ್ಲವಲ್ಲ?"

ತಿರುಗಿ ಹೇಳಿಸುವುದು, ಕೈಯಲ್ಲಿ ಮಾಡಿಸುವುದು

"ತಿಳಿಯಿತಾ ಅವ್ವಾ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ದೊಡ್ಡವರ ಮುಂದೆ, ಬಿಳಿ ಕೋಟಿನ ಮುಂದೆ, ತಿಳಿಯಲಿಲ್ಲ ಎನ್ನಲು ಅವಳಿಗೆ ಮನಸ್ಸಿಲ್ಲ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ: "ನಾಳೆ ನಾನು ಊರಲ್ಲಿ ಇರುವುದಿಲ್ಲ, ಸೊಸೆ ಕೇಳಿದರೆ ಸೂಜಿ ಎಷ್ಟು, ಯಾವಾಗ ಎಂದು ಹೇಗೆ ಹೇಳುತ್ತೀ?" ಈಗ ಅವಳು ಪರೀಕ್ಷೆಗೆ ಕುಳಿತವಳಲ್ಲ, ಸೊಸೆಗೆ ಹೇಳಿಕೊಡುವ ಅತ್ತೆ. ಅಂಕಿ ತಪ್ಪಾಗಿದ್ದರೆ ಇಲ್ಲಿ ಹೊರಬರುತ್ತದೆ. ಇದನ್ನು ವೈದ್ಯರ ಅಥವಾ ನರ್ಸ್ ಅವರ ಮುಂದೆಯೇ ಮಾಡಿಸಿ, ನೀವೇ ತಪ್ಪು ಹೇಳಿದ್ದರೆ ತಿದ್ದಲು ಅವರು ಅಲ್ಲಿರುತ್ತಾರೆ.

ಇನ್ಸುಲಿನ್‌ಗೆ ಬಾಯಿಮಾತು ಸಾಲದು. ಅವ್ವನ ಕೈಗೇ ಸಿರಿಂಜ್ ಕೊಟ್ಟು ಹದಿನಾಲ್ಕಕ್ಕೆ ಎಳೆದು ತೋರಿಸು ಎನ್ನಬೇಕು. ಮೊದಲ ಸಲ ಅವ್ವ ಕನ್ನಡಕವಿಲ್ಲದೆ ಎಳೆದಳು, ಕಪ್ಪು ರಬ್ಬರಿನ ಹಿಂದಿನ ಅಂಚು ಹದಿನಾಲ್ಕಕ್ಕೆ ಬಂತು. ಅಳತೆ ನೋಡಬೇಕಾದದ್ದು ಸೂಜಿಯ ಕಡೆಗಿರುವ ಮುಂದಿನ ಅಂಚಿನಲ್ಲಿ. ನರ್ಸ್ ಅವಳ ಉಗುರನ್ನೇ ಆ ಗೆರೆಯ ಮೇಲೆ ಇರಿಸಿ "ಇಲ್ಲಿ ಕರಿ ಗೆರೆ ಮುಟ್ಟಬೇಕು ಅಜ್ಜಿ" ಎಂದರು. ಎಷ್ಟು ಹೇಳಿದ್ದರೂ ನನ್ನ ಕನ್ನಡದಿಂದ ಆಗದಿದ್ದದ್ದು ಆ ಒಂದು ಬೆರಳಿನಿಂದ ಆಯಿತು.

ಔಷಧ ಅಂಗಡಿಯಲ್ಲಿ: ಡಬ್ಬಿಯ ಮೇಲಿನ ಅಂಕಿಗಳು ಡೋಸ್ ಅಲ್ಲ

ಇನ್ಸುಲಿನ್ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿ. 30/70 ಎಂದಿರುತ್ತದೆ, 40 ಎಂದಿರುತ್ತದೆ, 10 ಎಂದಿರುತ್ತದೆ. ಓದಲು ಬರುವ ಹಿರಿಯರಿಗೆ ಇವೆಲ್ಲ ತಮಗೆ ಬರೆದ ಅಂಕಿಗಳಂತೆಯೇ ಕಾಣುತ್ತವೆ. 30/70 ಎಂಬುದು ಬೇಗ ಕೆಲಸ ಮಾಡುವ ಮತ್ತು ನಿಧಾನ ಕೆಲಸ ಮಾಡುವ ಇನ್ಸುಲಿನ್ ಎಷ್ಟೆಷ್ಟು ಪಾಲು ಸೇರಿವೆ ಎಂಬ ಲೆಕ್ಕ. 40 ಎಂಬುದು ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಯೂನಿಟ್ ಎಂಬ ಲೆಕ್ಕ. 10 ಎಂಬುದು ಬಾಟಲಿಯಲ್ಲಿರುವ ಮಿಲಿಲೀಟರ್. ಅವ್ವನಿಗೆ ಇಷ್ಟೆಲ್ಲ ಬೇಕಿಲ್ಲ. "ಡಬ್ಬಿಯ ಮೇಲೆ ಇರುವ ಯಾವ ಅಂಕಿಯೂ ನಿನ್ನದಲ್ಲ. ನಿನ್ನದು ಗೋಡೆಯ ಹಾಳೆಯಲ್ಲಿದೆ" ಎಂದರೆ ಸಾಕು.

ಆದರೆ ಆ 40 ನಿಮಗೆ ಬೇಕು, ಏಕೆಂದರೆ ಸಿರಿಂಜ್ ಅದಕ್ಕೆ ಹೊಂದಬೇಕು. ಬಾಟಲಿಯಲ್ಲಿ ಬರುವ ಮಾನವ ಇನ್ಸುಲಿನ್ ನಮ್ಮಲ್ಲಿ ಹೆಚ್ಚಾಗಿ 40ರದು, ಪೆನ್ನಿಗೆ ಹಾಕುವ ಕಾರ್ಟ್ರಿಜ್ 100ರದು. ಸಿರಿಂಜ್‌ಗಳೂ ಎರಡು ಬಗೆ. 40ರದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಬಣ್ಣವನ್ನು ಪೂರ್ತಿ ನಂಬದೆ ಸಿರಿಂಜಿನ ಮೈಮೇಲೆ ಅಚ್ಚಾದ ಸಂಖ್ಯೆಯನ್ನೂ ಓದಿ, ಬಾಟಲಿಯ ಸಂಖ್ಯೆಯ ಪಕ್ಕ ಹಿಡಿದು ನೋಡಿ. ಎರಡೂ ಒಂದೇ ಆಗಿರಬೇಕು.

ಒಂದೇ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಅವ್ವನ ಹದಿನಾಲ್ಕರಲ್ಲಿಯೇ ಲೆಕ್ಕ ಹಾಕೋಣ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 14ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 5.6 ಯೂನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ, ಔಷಧ ಹಿಡಿಯುತ್ತಿಲ್ಲ ಎಂದು ಮನೆಯವರು ಕಂಗಾಲಾಗುತ್ತಾರೆ. ಇದಕ್ಕೆ ಉಲ್ಟಾ, ಪೆನ್ನಿನ ಕಾರ್ಟ್ರಿಜ್‌ಗೆ 40ರ ಸಿರಿಂಜ್ ಚುಚ್ಚಿ 14ಕ್ಕೆ ಎಳೆದರೆ ಹೋಗುವುದು 35 ಯೂನಿಟ್. ಇದು ಜೀವಕ್ಕೆ ಎರವಾಗುವ ಅಂಕಿ. ಎರಡು ಸಂದರ್ಭದಲ್ಲೂ ಅವ್ವ ಹದಿನಾಲ್ಕನ್ನು ಸರಿಯಾಗಿ ಕೇಳಿದ್ದಾಳೆ, ಸರಿಯಾಗಿ ಎಳೆದಿದ್ದಾಳೆ, ಡೋಸ್ ಮಾತ್ರ ತಪ್ಪಿದೆ. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಉಪಾಯವನ್ನು ಯಾರೇ ಹೇಳಿದರೂ ಕೇಳಬೇಡಿ.

ಗೆರೆ ಎಣಿಸುವವರ ವಿಷಯದಲ್ಲಿ ಇನ್ನೊಂದು ಎಚ್ಚರ. ಅಕ್ಷರ ಬಾರದ ಹಿರಿಯರು ಹದಿನಾಲ್ಕು ಗೆರೆ ಎಣಿಸಿ ಎಳೆಯುತ್ತಾರೆ. 40ರ ಸಿರಿಂಜಿನಲ್ಲಿ ಒಂದು ಸಣ್ಣ ಗೆರೆ ಸಾಮಾನ್ಯವಾಗಿ ಒಂದು ಯೂನಿಟ್, ಹಾಗಾಗಿ ಎಣಿಕೆ ಸರಿಹೋಗುತ್ತದೆ. ಒಂದು ಮಿಲಿಲೀಟರಿನ 100ರ ಸಿರಿಂಜಿನಲ್ಲಿ ಒಂದು ಗೆರೆ ಎರಡು ಯೂನಿಟ್ ಇರುವುದೇ ಹೆಚ್ಚು. ಹೊಸ ಸಿರಿಂಜ್ ಬಂದ ದಿನ ಸೊನ್ನೆಯ ಗೆರೆ ಬಿಟ್ಟು ಅದರ ಮುಂದಿನ ಗೆರೆಯಿಂದ ಹತ್ತು ಎಂಬ ಅಂಕಿಯವರೆಗೆ ನೀವೇ ಎಣಿಸಿ ನೋಡಿ. ಹತ್ತು ಗೆರೆ ಬರಬೇಕು.

ಗುಳಿಗೆಗಳಲ್ಲಿ ಒಂದೇ ಮಾತು: ಕಂಪನಿ ಬೇರೆಯಾದರೆ ಚಿಂತೆಯಿಲ್ಲ, ಬಲ ಬೇರೆಯಾದರೆ "ಒಂದು ಗುಳಿಗೆ" ಎಂಬ ನಿಮ್ಮ ವಾಕ್ಯ ಸುಳ್ಳಾಗುತ್ತದೆ. ಮೆಟ್‌ಫಾರ್ಮಿನ್ 500 ಮುಗಿದಿದೆ, 1000 ಇದೆ, ಅರ್ಧ ಮಾಡಿಕೊಳ್ಳಿ ಎಂದು ಅಂಗಡಿಯಲ್ಲಿ ಹೇಳಿದರೆ ಬೇಡವೆಂದು ಮುಂದಿನ ಅಂಗಡಿಗೆ ಹೋಗಿ. ನಿಧಾನವಾಗಿ ಕರಗುವ ಬಗೆಯ ಗುಳಿಗೆಯಾದರೆ ಅದನ್ನು ಮುರಿಯುವುದೇ ತಪ್ಪು.

ಗೋಡೆಯ ಹಾಳೆ

ಅವ್ವ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಕನ್ನಡ ಅಂಕಿಗಳಲ್ಲಿ ಬರೆದರೆ ಅವಳಿಗೆ ಹತ್ತಿರ ಎಂದುಕೊಂಡು ಮೊದಲ ಹಾಳೆಯನ್ನು ಹಾಗೆ ಬರೆದೆ. ಬರೆದ ಮೇಲೆ ದೂರ ನಿಂತು ನೋಡಿದರೆ ೧ ಮತ್ತು ೦ ಒಂದೇ ಆಗಿ ಕಾಣುತ್ತಿದ್ದವು, ೬ ಮತ್ತು ೯ ಸಹ. ಗುಳಿಗೆಯ ಹೊತ್ತುಗಳನ್ನು ೧-೦-೧ ಎಂದು ಬರೆದದ್ದು ಮೂರು ಸೊನ್ನೆಗಳಂತಿತ್ತು. ಸಿರಿಂಜಿನ ಮೇಲೆ, ಸಕ್ಕರೆ ನೋಡುವ ಯಂತ್ರದ ಮೇಲೆ ಇರುವುದೂ ಇಂಗ್ಲಿಷ್ ಅಂಕಿಗಳೇ. ಆದ್ದರಿಂದ ಈಗ ಅಂಕಿಯನ್ನು ಸಿರಿಂಜಿನ ಮೇಲೆ ಇರುವಂತೆಯೇ ಬರೆದು, ಪಕ್ಕದಲ್ಲಿ ಕನ್ನಡ ಅಕ್ಷರಗಳಲ್ಲಿ ಬಿಡಿಸಿ ಬರೆಯುತ್ತೇನೆ. ಒಂದು ಕಣ್ಣಿಗೆ ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಮುಂಜಾನೆ, ರೊಟ್ಟಿಗೆ ಅರ್ಧ ಗಂಟೆ ಮುಂಚೆ: ಸೂಜಿ 14 (ಹದಿನಾಲ್ಕು) ಯೂನಿಟ್
ಮುಂಜಾನೆ, ರೊಟ್ಟಿ ತಿಂದ ಮೇಲೆ: ದೊಡ್ಡ ಬಿಳಿ ಗುಳಿಗೆ 1 (ಒಂದು), ಬಿ.ಪಿ. ಗುಳಿಗೆ 1 (ಒಂದು)
ರಾತ್ರಿ, ಊಟಕ್ಕೆ ಅರ್ಧ ಗಂಟೆ ಮುಂಚೆ: ಸೂಜಿ 8 (ಎಂಟು) ಯೂನಿಟ್
ರಾತ್ರಿ, ಊಟವಾದ ಮೇಲೆ: ದೊಡ್ಡ ಬಿಳಿ ಗುಳಿಗೆ 1 (ಒಂದು)

ಇಷ್ಟೇ. ಔಷಧದ ಪೂರ್ತಿ ಹೆಸರು ಮತ್ತು ಮಿಲಿಗ್ರಾಂ ಹಾಳೆಯ ಹಿಂಬದಿಯಲ್ಲಿವೆ, ಜೊತೆಗೆ ಬರೆದ ದಿನಾಂಕ. ಗುಳಿಗೆಯ ಬಣ್ಣವನ್ನು ನಂಬಿ ಬರೆದರೆ ಒಂದು ತೊಂದರೆಯಿದೆ: ಕಂಪನಿ ಬದಲಾದ ತಿಂಗಳು ಬಣ್ಣವೂ ಬದಲಾಗುತ್ತದೆ. ಹಾಗಾಗಿ ಹೊಸ ಸ್ಟ್ರಿಪ್ ತಂದ ಪ್ರತಿ ಸಲ ಹಾಳೆಯ ಮುಂದೆ ಹಿಡಿದು ನೋಡುವುದು ನನ್ನ ಕೆಲಸವೆಂದೇ ಇಟ್ಟುಕೊಂಡಿದ್ದೇನೆ.

ಡೋಸ್ ಬದಲಾದ ದಿನ

ಮೂರು ವಾರದ ನಂತರ ತೋರಿಸಲು ಹೋದಾಗ ವೈದ್ಯರು ರಾತ್ರಿಯ ಇನ್ಸುಲಿನ್ ಎರಡು ಯೂನಿಟ್ ಹೆಚ್ಚಿಸಲು ಹೇಳಿದರು. ಇಲ್ಲಿ ಕನ್ನಡದ ವಿಭಕ್ತಿ ಮೋಸ ಮಾಡುತ್ತದೆ. "ಎರಡು ಹೆಚ್ಚಿಸು" ಎಂದರೆ ಎಂಟು ಹತ್ತಾಗುತ್ತದೆ. ಬಾಯಿ ತಪ್ಪಿ "ಎರಡರಷ್ಟು ಹೆಚ್ಚಿಸು" ಎಂದರೆ ಎಂಟು ಹದಿನಾರಾಗುತ್ತದೆ. ಇಳಿಸುವಾಗಲೂ ಹೀಗೆಯೇ, "ಎರಡು ಇಳಿಸು" ಬೇರೆ, "ಎರಡಕ್ಕೆ ಇಳಿಸು" ಬೇರೆ. ಹಾಗಾಗಿ ಹೆಚ್ಚು ಕಡಿಮೆಯ ಮಾತನ್ನೇ ಬಿಟ್ಟು ಮುಟ್ಟಬೇಕಾದ ಅಂಕಿಯನ್ನು ಮಾತ್ರ ಹೇಳುತ್ತೇನೆ: "ಇಂದು ರಾತ್ರಿಯಿಂದ ಹತ್ತು. ಒಂದು ಸೊನ್ನೆ, ಹತ್ತು." ಹೇಳುವ ಮುಂಚೆ ವೈದ್ಯರ ಬಳಿ ಆ ಮುಟ್ಟುವ ಅಂಕಿಯನ್ನೇ ಖಚಿತ ಮಾಡಿಕೊಳ್ಳುತ್ತೇನೆ: "ಅಂದರೆ ಮುಂಜಾನೆ 14, ರಾತ್ರಿ 10 ತಾನೆ ಸರ್?" ಮನೆಗೆ ಬಂದ ಕೂಡಲೇ ಹಳೆಯ ಹಾಳೆಯನ್ನು ಹರಿದು ಹಾಕಿ ಹೊಸದನ್ನು ಅಂಟಿಸಬೇಕು. ಹಳೆಯದರ ಮೇಲೆ ಕಾಟು ಹೊಡೆದು ತಿದ್ದಿದರೆ ರಾತ್ರಿಯ ಮಂದ ಬೆಳಕಿನಲ್ಲಿ ಎರಡೂ ಅಂಕಿ ಕಾಣುತ್ತವೆ.

ದೂರದ ಊರಲ್ಲಿ ಕೆಲಸದಲ್ಲಿರುವ ನನಗೆ ಅವ್ವ ದಿನವೂ ಎಷ್ಟು ಎಳೆಯುತ್ತಾಳೆ ಎಂದು ನೋಡಲು ಆಗುವುದಿಲ್ಲ. ಆದರೆ ಬಾಟಲಿ ಲೆಕ್ಕ ಹೇಳುತ್ತದೆ. ಹತ್ತು ಮಿಲಿಲೀಟರಿನ 40ರ ಬಾಟಲಿಯಲ್ಲಿ 400 ಯೂನಿಟ್. ಮುಂಜಾನೆ 14, ರಾತ್ರಿ 8 ಇದ್ದಾಗ ದಿನಕ್ಕೆ 22, ಹದಿನೆಂಟು ದಿನಕ್ಕೆ ಬಾಟಲಿ ಮುಗಿಯಬೇಕು. ಗಾಳಿಗುಳ್ಳೆ ತೆಗೆಯುವಾಗ ಹನಿ ಚೆಲ್ಲುವುದರಿಂದ ಒಂದು ದಿನ ಮುಂಚೆ ಮುಗಿದರೆ ಗಾಬರಿಯಿಲ್ಲ. ಹತ್ತು ದಿನಕ್ಕೇ ಖಾಲಿಯಾದರೆ ಎಲ್ಲೋ ಹೆಚ್ಚು ಹೋಗುತ್ತಿದೆ. ಇಪ್ಪತ್ತೈದು ದಿನವಾದರೂ ಉಳಿದಿದ್ದರೆ ಡೋಸ್ ತಪ್ಪುತ್ತಿದೆ ಅಥವಾ ಸಿರಿಂಜ್ ಬೇರೆಯದು. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿದ್ದರೆ ಫೋನಿನಲ್ಲಿ ಒಂದೇ ಪ್ರಶ್ನೆಯಿಂದ ಇದು ತಿಳಿಯುತ್ತದೆ.

ರಾತ್ರಿಯದು ಹತ್ತಾದ ಮೇಲೆ ದಿನಕ್ಕೆ 24. ಹದಿನಾರು ದಿನಕ್ಕೆ 384 ಹೋಗಿ, ಹದಿನೇಳನೆಯ ಮುಂಜಾನೆಯ ಹದಿನಾಲ್ಕಕ್ಕೆ ಸಾಲುವಷ್ಟು ಉಳಿಯಬೇಕು. ಕಳೆದ ತಿಂಗಳು ಹದಿನಾರನೆಯ ದಿನ ರಾತ್ರಿ ಅವ್ವನೇ ಫೋನ್ ಮಾಡಿದಳು. "ಬಾಟಲಿಯ ತಳದಲ್ಲಿ ಸ್ವಲ್ಪ ಇದೆ, ನಾಳೆ ಮುಂಜಾನೆಗೆ ಆದೀತು, ರಾತ್ರಿಗೆ ಹೊಸದು ಬೇಕು" ಎಂದಳು. ಎಷ್ಟು ಎಳೆಯುತ್ತೀ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: "ಮುಂಜಾನೆ ಒಂದು ನಾಲ್ಕು, ಹದಿನಾಲ್ಕು. ರಾತ್ರಿ ಒಂದು ಸೊನ್ನೆ, ಹತ್ತು."